ಹಣ ಪಡೆದ ಲೇಖನಕ್ಕೆ ಯಾವ ಲೇಬಲ್? ‘ಸಹಯೋಗದಲ್ಲಿ’, ‘ಪ್ರಾಯೋಜಿತ’, ‘ಜಾಹೀರಾತು’ – ಒಂದು ಹೋಲಿಕೆ

ಸುದ್ದಿ ತಾಣವನ್ನೋ, ಪತ್ರಿಕೆಯನ್ನೋ, ಸಣ್ಣದೊಂದು ನ್ಯೂಸ್‌ಲೆಟರನ್ನೋ ನಡೆಸುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಒಂದು ಕಂಪನಿ ಲೇಖನಕ್ಕೆ ದುಡ್ಡು ಕೊಡಲು ಮುಂದೆ ಬಂದಿದೆ. ಲೇಖನ ನಿಮ್ಮ ಉಳಿದ ಬರಹಗಳ ಹಾಗೇ ಕಾಣಬೇಕು, ಅದೇ ಅಕ್ಷರ, ಅದೇ ವಿನ್ಯಾಸ. ನೇಟಿವ್ ಜಾಹೀರಾತು ಅಂದರೆ ಇದೇ. ಅದರ ಮೇಲೆ ಏನಂತ ಬರೆಯಬೇಕು ಅನ್ನುವಲ್ಲಿ ಜಗ್ಗಾಟ ಶುರುವಾಗುತ್ತದೆ. ಕಂಪನಿಯವರಿಗೆ ‘ಸಹಯೋಗದಲ್ಲಿ’ ಅಂದರೆ ಸಾಕು. ಸಂಪಾದಕರಿಗೆ ‘ಜಾಹೀರಾತು’ ಅಂತಲೇ ಇರಬೇಕು. ಮಾರಾಟ ವಿಭಾಗದವರು ನಡುವೆ ಬಂದು ‘ಪ್ರಾಯೋಜಿತ’ ಅಂತ ಹಾಕಿ ಮುಗಿಸೋಣ ಅನ್ನುತ್ತಾರೆ.

ಮೂರರಲ್ಲಿ ಯಾವುದು? ಸುಮ್ನೆ ಒಂದನ್ನು ಆರಿಸುವ ಮೊದಲು, ಯಾವುದರ ಮೇಲೆ ಅಳೆಯಬೇಕು ಅಂತ ಗಟ್ಟಿ ಮಾಡಿಕೊಳ್ಳೋಣ.

ಏನನ್ನು ನೋಡಿ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಲೇಬಲ್ಲಿನ ಬಗ್ಗೆ ಅಲ್ಲ, ಲೇಖನದ ಬಗ್ಗೆ. ಕೊನೆಯ ಮಾತು ಯಾರದು? ಕಂಪನಿ ಹಣ ಕೊಟ್ಟು ದೂರ ನಿಂತಿದೆಯಾ, ಅಥವಾ ಕರಡು ನೋಡಿ ‘ಈ ಸಾಲು ತೆಗೀರಿ’ ಅನ್ನುವ ಹಕ್ಕು ಇಟ್ಟುಕೊಂಡಿದೆಯಾ? ಹಣ ಎರಡೂ ಕಡೆ ಇದೆ. ಆದರೆ ಓದುಗರ ಕಣ್ಣಿನಲ್ಲಿ ಎರಡೂ ಬೇರೆ ಬೇರೆ ವಸ್ತು.

ಲೇಬಲ್ಲಿಗೆ ಬಂದರೆ ಮೂರು ಮೆಟ್ಟಿಲು. ಅದು ಕಣ್ಣಿಗೆ ಬೀಳಬೇಕು. ಬಿದ್ದರೆ ಅರ್ಥವಾಗಬೇಕು. ಅರ್ಥವಾದ ಮೇಲೆ ಓದುಗರು ಏನು ಮಾಡುತ್ತಾರೆ ಅನ್ನುವುದು ಮೂರನೆಯದು: ಓದು ಮುಂದುವರಿಸುತ್ತಾರಾ, ಹಂಚುತ್ತಾರಾ, ನಿಮ್ಮ ಮೇಲಿನ ನಂಬಿಕೆ ಉಳಿಯುತ್ತಾ. ಜಾಹೀರಾತುದಾರರು ಕೇಳುವುದು ಯಾವಾಗಲೂ ಮೂರನೆಯದನ್ನೇ. ‘ಯಾವ ಲೇಬಲ್ ಹಾಕಿದರೆ ಕ್ಲಿಕ್ ಕಡಿಮೆ ಆಗಲ್ಲ?’ ಈ ಪ್ರಶ್ನೆಯಲ್ಲೇ ಒಂದು ಬಲೆ ಇದೆ. ಪ್ರತಿಕ್ರಿಯೆಯನ್ನು ಒಂಚೂರೂ ತಗ್ಗಿಸದ ಲೇಬಲ್ ಅಂದರೆ ಬಹಳ ಸಲ ಮೊದಲ ಎರಡು ಮೆಟ್ಟಿಲಲ್ಲೇ ಎಡವಿದ ಲೇಬಲ್. ಅದನ್ನು ಯಾರೂ ನೋಡಿಲ್ಲ, ನೋಡಿದವರಿಗೆ ಅರ್ಥವಾಗಿಲ್ಲ. ಹಾಗಾಗಿ ಕ್ಲಿಕ್ಕಿನ ಲೆಕ್ಕ ಒಂದನ್ನೇ ಹಿಡಿದು ಹೋಲಿಸಿದರೆ ಗೆಲ್ಲುವುದು ಅತ್ಯಂತ ಮಂಕಾದ ಲೇಬಲ್ಲೇ.

ಲೇಬಲ್ ಇದ್ದೂ ಓದುಗರಿಗೆ ತಿಳಿಯದೆ ಹೋಗುತ್ತದೆ ಅನ್ನುವುದು ಊಹೆಯಲ್ಲ. ಅಮೆರಿಕದ ಸಂಶೋಧಕರಾದ ಬಾರ್ಟೊಶ್ ವೊಯ್ಡಿನ್ಸ್ಕಿ ಮತ್ತು ನೇಥನಿಯಲ್ ಇವಾನ್ಸ್ ಇದನ್ನೇ ಪರೀಕ್ಷಿಸಿದ್ದರು. ಸುದ್ದಿಯಂತೆ ಕಾಣುವ, ಆದರೆ ಲೇಬಲ್ ಇದ್ದ ಜಾಹೀರಾತನ್ನು 242 ಜನರಿಗೆ ಓದಲು ಕೊಟ್ಟರು. ಇದು ಹಣ ಕೊಟ್ಟು ಹಾಕಿಸಿದ್ದು ಅಂತ ಗುರುತಿಸಿದವರು ನೂರಕ್ಕೆ 8ಕ್ಕಿಂತ ಕಡಿಮೆ. ಉಳಿದವರ ಪಾಲಿಗೆ ಅದು ಸುದ್ದಿ.

‘ಸಹಯೋಗದಲ್ಲಿ’, ‘ಪಾಲುದಾರರಿಂದ’

ಜಾಹೀರಾತುದಾರರಿಗೆ ಇದು ಯಾಕೆ ಇಷ್ಟ ಅಂತ ಹೇಳಬೇಕಾಗಿಲ್ಲ. ಕೇಳಲು ಹಿತವಾಗಿದೆ, ಇಬ್ಬರು ಸೇರಿ ಒಳ್ಳೆಯ ಕೆಲಸ ಮಾಡಿದ ಹಾಗಿದೆ. ತೊಂದರೆ ಏನೆಂದರೆ ದುಡ್ಡಿನ ಸುಳಿವೇ ಅದರಲ್ಲಿಲ್ಲ. ಒಂದು ಸಂಸ್ಥೆ ಮಾಹಿತಿ ಕೊಟ್ಟಿರಬಹುದು, ಫೋಟೋ ಕೊಟ್ಟಿರಬಹುದು, ಕಾರ್ಯಕ್ರಮಕ್ಕೆ ಜಾಗ ಕೊಟ್ಟಿರಬಹುದು. ಎಲ್ಲವೂ ಸಹಯೋಗವೇ ಅಲ್ವಾ?

ಬ್ರಿಟನ್ನಿನ ಒಂದು ಪ್ರಕರಣ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಬಟ್ಟೆಯ ಬಣ್ಣದ ಬ್ರ್ಯಾಂಡ್ ಡೈಲಾನ್, ಬಜ್‌ಫೀಡ್‌ನಲ್ಲಿ ಬಟ್ಟೆ ಒಗೆಯುವಾಗ ಆಗುವ ಹದಿನಾಲ್ಕು ಎಡವಟ್ಟುಗಳ ಪಟ್ಟಿಯೊಂದನ್ನು ಹಾಕಿಸಿತ್ತು. ತಮಾಷೆಯ ಚಿತ್ರಗಳು, ಕೊನೆಯಲ್ಲಿ ಕಂಪನಿಯ ವಸ್ತುವಿನ ಬಗ್ಗೆ ಒಂದು ಮಾತು. ಪುಟದ ಮೇಲೆ ಕಂಪನಿಯ ಹೆಸರಿನ ಜೊತೆ ‘ಬ್ರ್ಯಾಂಡ್ ಪಬ್ಲಿಷರ್’ ಅಂತ ಇತ್ತು. ಬಚ್ಚಿಟ್ಟಿರಲಿಲ್ಲ, ಒಪ್ಪಬೇಕು. ಆದರೂ 2016ರ ಜನವರಿಯಲ್ಲಿ ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ ಇದು ಸಾಲದು ಅಂತ ತೀರ್ಪು ಕೊಟ್ಟಿತು. ಆ ಎರಡು ಪದಗಳಿಂದ ಇದು ಜಾಹೀರಾತು ಅಂತ ಓದುಗರಿಗೆ ಹೊಳೆಯುವುದಿಲ್ಲ, ಅದರ ಮೇಲೆ ಪುಟ ಉದ್ದ, ಲೇಬಲ್ ಎದ್ದು ಕಾಣುತ್ತಿರಲಿಲ್ಲ ಅನ್ನುವುದು ಅದರ ಮಾತಿನ ಸಾರ. ಇನ್ನೊಂದು ವಿಷಯವೂ ಬಂತು. ತಾಣದೊಳಗಿನ ಪಟ್ಟಿಯ ಮೂಲಕ ಬಂದವರಿಗೆ ಬೇರೆ ಸುಳಿವುಗಳು ಸಿಗುತ್ತಿದ್ದವು. ಬೇರೆ ಕಡೆಯಿಂದ ನೇರವಾಗಿ ಆ ಪುಟಕ್ಕೇ ಬಂದು ಇಳಿದವರಿಗೆ ಅವು ಸಿಗುತ್ತಿರಲಿಲ್ಲ.

ಈ ಲೇಬಲ್ಲಿಗೆ ನ್ಯಾಯವಾದ ಜಾಗ ಒಂದು ಇದೆ. ಹಣದ ವ್ಯವಹಾರ ಇಲ್ಲದೆ ಎರಡು ಸಂಸ್ಥೆಗಳು ನಿಜವಾಗಿಯೂ ಸೇರಿ ಕೆಲಸ ಮಾಡಿದಾಗ. ಹಣ ಕೈ ಬದಲಾಗಿದ್ದರೆ ಇದನ್ನು ಪಕ್ಕಕ್ಕಿಡಿ.

‘ಪ್ರಾಯೋಜಿತ’

ಇದು ಎಲ್ಲರ ನೆಚ್ಚಿನ ನಡುದಾರಿ. ಹಣದ ವಾಸನೆ ಇದೆ, ಆದರೆ ‘ಜಾಹೀರಾತು’ ಅಂದಷ್ಟು ಖಡಕ್ ಇಲ್ಲ. ಪರಿಚಿತ ಪದ, ಬಹಳ ಜನಕ್ಕೆ ಏನೋ ಒಂದು ವ್ಯವಹಾರ ಇದೆ ಅಂತ ತಿಳಿಯುತ್ತದೆ. ಮೇಲೆ ಹೇಳಿದ ಪ್ರಯೋಗದಲ್ಲೂ ಇಂಗ್ಲಿಷಿನ ‘ಸ್ಪಾನ್ಸರ್ಡ್ ಕಂಟೆಂಟ್’, ‘ಅಡ್ವರ್ಟೈಸಿಂಗ್’ ಅನ್ನುವ ಪದಗಳು ಮಂಕಾದ ಪದಗಳಿಗಿಂತ ಜಾಸ್ತಿ ಜನರಿಗೆ ಗುರುತು ಹತ್ತಿಸಿದವು.

ಆದರೆ ಪ್ರಾಯೋಜಕ ಅಂದ ಕೂಡಲೇ ನಮಗೆ ಹೊಳೆಯುವುದು ಯಾರು? ಪಂದ್ಯಕ್ಕೋ ನಾಟಕಕ್ಕೋ ಹಣ ಕೊಟ್ಟು ಹಿಂದೆ ಸರಿದು ನಿಂತವರು. ಯಾರು ಗೆಲ್ಲಬೇಕು ಅಂತ ಅವರು ಹೇಳುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2015ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗದರ್ಶಿ ಇದೇ ಎಳೆಯನ್ನು ಹಿಡಿದಿತ್ತು. ಇಂಥವರಿಂದ ಪ್ರಾಯೋಜಿತ, ಇಂಥವರು ಅರ್ಪಿಸುವ ಅನ್ನುವ ಬಗೆಯ ಮಾತುಗಳಿಂದ, ಕಂಪನಿ ಹಣ ಮಾತ್ರ ಕೊಟ್ಟಿದೆ, ಬರಹದಲ್ಲಿ ಕೈಯಾಡಿಸಿಲ್ಲ ಅಂತ ಓದುಗರು ತಿಳಿಯುವ ಸಾಧ್ಯತೆ ಇದೆ ಅಂತ ಅದು ಎಚ್ಚರಿಸಿತ್ತು. ಜರ್ಮನಿ ಇನ್ನೂ ಬಿಗಿ. ಅಲ್ಲಿನ ಪತ್ರಿಕಾ ಕಾನೂನು ‘ಆಂಟ್ಸೈಗೆ’, ಅಂದರೆ ಜಾಹೀರಾತು, ಅನ್ನುವ ಪದವನ್ನೇ ಕೇಳುತ್ತದೆ. ಒಂದು ಉಚಿತ ಪತ್ರಿಕೆ ಹಣ ಪಡೆದ ಲೇಖನಗಳ ಮೇಲೆ ‘ಸ್ಪಾನ್ಸರ್ಡ್ ಬೈ’ ಅಂತ ಹಾಕಿತ್ತು. 2014ರಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಅದು ನಡೆಯುವುದಿಲ್ಲ ಅಂದಿತು.

ಹಾಗಾದರೆ ‘ಪ್ರಾಯೋಜಿತ’ ತಪ್ಪಾ? ತಪ್ಪಲ್ಲ, ಅದಕ್ಕೊಂದು ಕರಾರು ಇದೆ. ಕಂಪನಿ ಹಣ ಮಾತ್ರ ಕೊಟ್ಟು, ವಿಷಯ, ಬರಹಗಾರ, ಅಂತಿಮ ರೂಪ ಎಲ್ಲವನ್ನೂ ನಿಮಗೆ ಬಿಟ್ಟಿದ್ದರೆ ಇದು ನಿಜ ಹೇಳುವ ಲೇಬಲ್. ಕರಡು ಕಂಪನಿಯ ಮೇಜಿಗೆ ಹೋಗಿ ಬಂದಿದ್ದರೆ ಅಲ್ಲ.

‘ಜಾಹೀರಾತು’

ಅರ್ಥದ ಮೆಟ್ಟಿಲಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ವಿವರಣೆ ಬೇಕಿಲ್ಲ, ಅನುಮಾನಕ್ಕೆ ಜಾಗ ಇಲ್ಲ, ನಾಳೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಬೆಲೆ ತೆರಬೇಕಾಗಿರುವುದು ಮೂರನೆಯ ಮೆಟ್ಟಿಲಲ್ಲಿ. ಜಾಹೀರಾತು ಅಂತ ಗೊತ್ತಾದ ಕೂಡಲೇ ಓದುಗರು ಬೇರೆ ಕಣ್ಣಿನಿಂದ ಓದುತ್ತಾರೆ. ‘ಇವರು ನನಗೆ ಏನನ್ನೋ ಮಾರಲು ಬಂದಿದ್ದಾರೆ’ ಅನ್ನುವ ಎಚ್ಚರ ಹುಟ್ಟುತ್ತದೆ. ಇನ್‌ಸ್ಟಾಗ್ರಾಂ ಪೋಸ್ಟ್‌ಗಳ ಮೇಲೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ತೋರಿಸಿತು. ‘ಎಸ್‌ಪಿ’ ಅನ್ನುವ ಸಂಕ್ಷೇಪ, ‘ಸ್ಪಾನ್ಸರ್ಡ್’, ‘ಪೇಯ್ಡ್ ಆ್ಯಡ್’ ಇವುಗಳನ್ನು ಹೋಲಿಸಿದಾಗ ಜನ ಜಾಹೀರಾತು ಅಂತ ಗುರುತಿಸಲು ನೆರವಾದದ್ದು ‘ಪೇಯ್ಡ್ ಆ್ಯಡ್’. ಅದನ್ನು ನೋಡಿದ ನೆನಪು ಇದ್ದವರಲ್ಲಿ ಬ್ರ್ಯಾಂಡಿನ ಬಗ್ಗೆ ಒಲವು ತಗ್ಗಿತು, ಹಂಚುವ ಮನಸ್ಸೂ ತಗ್ಗಿತು.

ಇದನ್ನು ಜಾಹೀರಾತುದಾರರಿಂದ ಮುಚ್ಚಿಡಬೇಡಿ. ‘ನಮ್ಮ ಲೇಬಲ್ ಸ್ಪಷ್ಟವಾಗಿದೆ, ಹಂಚಿಕೆ ಸ್ವಲ್ಪ ಕಡಿಮೆ ಆಗಬಹುದು’ ಅಂತ ಒಪ್ಪಂದದ ಹೊತ್ತಿನಲ್ಲೇ ಹೇಳಿಬಿಡಿ. ಇದರಿಂದ ಒಬ್ಬಿಬ್ಬರು ಜಾಹೀರಾತುದಾರರು ಜಾರಿಕೊಳ್ಳಬಹುದು. ಜಾರಿಕೊಳ್ಳುವವರು ಸಾಮಾನ್ಯವಾಗಿ ನಿಮ್ಮ ಓದುಗರಿಗೆ ಇದು ಸುದ್ದಿ ಅಂತ ಅನ್ನಿಸಲಿ ಅಂತಲೇ ಹಣ ಕೊಡಲು ಬಂದವರು. ಅಂಥವರ ಹಣದಲ್ಲಿ ಖರ್ಚಾಗುವುದು ನಿಮ್ಮ ಹೆಸರು.

‘ಜಾಹೀರಾತು’ ಅಂದ ಮಾತ್ರಕ್ಕೆ ಯಾರೂ ಓದುವುದಿಲ್ಲ ಅನ್ನುವುದೂ ಅತಿ. ವಿಷಯ ಕೆಲಸಕ್ಕೆ ಬರುವಂಥದ್ದಾದರೆ ಓದುತ್ತಾರೆ. ಕಂಪನಿಯ ಹೆಸರನ್ನು ಪ್ರತಿ ಪ್ಯಾರಾದಲ್ಲಿ ತುರುಕಿದ ಲೇಖನ ಸ್ಪಷ್ಟ ಲೇಬಲ್ಲಿನ ಕೆಳಗೆ ನಿಲ್ಲುವುದಿಲ್ಲ. ಅದರ ದೋಷವನ್ನು ಲೇಬಲ್ಲಿನ ತಲೆಗೆ ಕಟ್ಟುವುದು ನಮ್ಮಲ್ಲಿ ಜಾಸ್ತಿ.

ಒಂದು ಪದದ ಬದಲು ಒಂದು ಸಾಲು

ನನ್ನ ಒಲವು ಇರುವುದು ಈ ನಾಲ್ಕನೆಯದರ ಕಡೆ: ಪದದ ಜೊತೆಗೆ ಒಂದು ಪೂರ್ತಿ ವಾಕ್ಯ. ಯಾರು ಹಣ ಕೊಟ್ಟರು, ಯಾರು ಬರೆದರು, ಕೊನೆಯ ಮಾತು ಯಾರದು, ಈ ಮೂರನ್ನು ಹೇಳುವ ವಾಕ್ಯ. ಒಂದು ಉದಾಹರಣೆ ಹಿಡಿಯೋಣ.

ಹಾಸಿಗೆ ಮಾಡುವ ಕಂಪನಿಯೊಂದು ‘ಚಿಕ್ಕ ಮಲಗುವ ಕೋಣೆಯನ್ನು ಹೇಗೆ ಜೋಡಿಸಬೇಕು’ ಅನ್ನುವ ಲೇಖನಕ್ಕೆ ಹಣ ಕೊಡುತ್ತದೆ ಅಂದುಕೊಳ್ಳಿ. ಮೊದಲ ರೀತಿ: ವಿಷಯ ನೀವೇ ಆರಿಸಿದ್ದೀರಿ, ನಿಮ್ಮ ವರದಿಗಾರರು ಬರೆದಿದ್ದಾರೆ, ಪ್ರಕಟವಾಗುವ ತನಕ ಕಂಪನಿ ನೋಡಿಲ್ಲ, ಅವರ ಹಾಸಿಗೆಯ ಹೆಸರೂ ಇಲ್ಲ. ಆಗ ಹೀಗೆ ಬರೆಯಬಹುದು:

> ಪ್ರಾಯೋಜಿತ. ಈ ಲೇಖನಕ್ಕೆ ಹಣ ಕೊಟ್ಟವರು ಇಂಥ ಹಾಸಿಗೆ ಕಂಪನಿ. ಬರೆದವರು ನಮ್ಮ ವರದಿಗಾರರು. ಪ್ರಕಟಣೆಗೆ ಮೊದಲು ಕಂಪನಿ ಇದನ್ನು ನೋಡಿಲ್ಲ.

ಎರಡನೆಯ ರೀತಿ: ಬರೆದವರು ನಿಮ್ಮವರೇ, ಆದರೆ ಐದನೆಯ ಪ್ಯಾರಾದಲ್ಲಿ ಕಂಪನಿಯ ಗಟ್ಟಿ ಹಾಸಿಗೆಯ ಮಾತು ಬರುತ್ತದೆ, ಕರಡನ್ನು ಕಂಪನಿ ಓದಿ ಎರಡು ಸಾಲು ಬದಲಿಸಿದೆ. ಈಗ ‘ಪ್ರಾಯೋಜಿತ’ ಸುಳ್ಳಾಗುತ್ತದೆ:

> ಜಾಹೀರಾತು. ಇಂಥ ಹಾಸಿಗೆ ಕಂಪನಿ ಹಣ ಕೊಟ್ಟು ಬರೆಸಿದ ಲೇಖನ. ಇದರ ಅಂತಿಮ ರೂಪವನ್ನು ಒಪ್ಪಿದವರು ಅವರೇ.

ಎರಡನೆಯದನ್ನು ಓದಿದ ಕಂಪನಿ ಮುಖ ಸಿಂಡರಿಸಿದರೆ, ‘ಹಾಗಾದರೆ ಕರಡು ನೋಡುವುದನ್ನು ಬಿಡಿ, ಮೊದಲನೆಯದು ಹಾಕುತ್ತೇವೆ’ ಅನ್ನಿ. ಲೇಬಲ್ಲಿನ ಚೌಕಾಸಿ ನಿಯಂತ್ರಣದ ಚೌಕಾಸಿಯಾಗಿ ತಿರುಗುತ್ತದೆ. ನಡೆಯಬೇಕಾದದ್ದು ಅದೇ. ಬರೆದ ವಾಕ್ಯ ನಿಜವಾಗಿರಬೇಕಾದ್ದರಿಂದ ಒಳಗಿನ ಕೆಲಸದ ಕ್ರಮವೂ ನೆಟ್ಟಗಾಗುತ್ತದೆ. ಒಂದೇ ಪದದ ಲೇಬಲ್ಲಿಗೆ ಈ ಶಕ್ತಿ ಇಲ್ಲ.

ಇದರ ಕೊರತೆ ಜಾಗ. ಲೇಖನದ ಪುಟದಲ್ಲಿ ವಾಕ್ಯ ಸಲೀಸಾಗಿ ಕೂರುತ್ತದೆ. ಮುಖಪುಟದ ಪಟ್ಟಿಯಲ್ಲಿ, ಮೊಬೈಲಿನ ಸಣ್ಣ ಚೌಕದಲ್ಲಿ ಕೂರುವುದಿಲ್ಲ. ಅಲ್ಲಿ ಪದವೇ ಬೇಕು.

ಎಲ್ಲಿ ಹಾಕುವುದು

ಸರಿಯಾದ ಪದ ಆರಿಸಿ ತಪ್ಪು ಜಾಗದಲ್ಲಿ ಹಾಕಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ವೊಯ್ಡಿನ್ಸ್ಕಿ ಮತ್ತು ಇವಾನ್ಸ್ ಎರಡನೆಯ ಪ್ರಯೋಗದಲ್ಲಿ ಓದುಗರ ಕಣ್ಣಿನ ಚಲನೆಯನ್ನು ಯಂತ್ರದಿಂದ ಹಿಂಬಾಲಿಸಿದರು. ಪುಟದ ಮೇಲ್ತುದಿಯಲ್ಲಿದ್ದ ಲೇಬಲನ್ನು ಗಮನಿಸಿದವರು ನೂರಕ್ಕೆ ಸುಮಾರು 40. ಕೆಳಗಿದ್ದದ್ದನ್ನು ಸುಮಾರು 60. ಲೇಖನದ ನಡುವೆ ಇದ್ದದ್ದನ್ನು ಸುಮಾರು 90. ಮೇಲೆ ಹಾಕಿದರೆ ಎಲ್ಲರೂ ನೋಡುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಪುಟದ ನೆತ್ತಿಯಲ್ಲಿ ಬ್ಯಾನರುಗಳು, ಪಟ್ಟಿಗಳು ಇರುತ್ತವೆ ಅಂತ ಓದುಗರಿಗೆ ರೂಢಿಯಾಗಿದೆ. ಕಣ್ಣು ಅದನ್ನು ಹಾರಿ ನೇರ ತಲೆಬರಹಕ್ಕೆ, ಅಲ್ಲಿಂದ ಬರಹಕ್ಕೆ ಇಳಿಯುತ್ತದೆ.

ಹಾಗಂತ ನಡುವೆ ಮಾತ್ರ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಡುವಿನ ಲೇಬಲ್ ಕಾಣುವಷ್ಟರಲ್ಲಿ ಓದುಗರು ಕ್ಲಿಕ್ ಮಾಡಿ ಅರ್ಧ ಓದಿ ಆಗಿರುತ್ತದೆ. ಅಮೆರಿಕದ ಮಾರ್ಗದರ್ಶಿ ಕೇಳುವುದು ಕ್ಲಿಕ್ ಮಾಡುವ ಮೊದಲೇ, ತಲೆಬರಹದ ಹತ್ತಿರದಲ್ಲೇ ತಿಳಿಯಬೇಕು ಅಂತ. ಎರಡೂ ಬೇಕು. ಪಟ್ಟಿಯಲ್ಲಿ ತಲೆಬರಹದ ಮೇಲೋ ಮುಂದೆಯೋ ಒಂದು ಪದ. ಒಳಗೆ ತಲೆಬರಹ ಮುಗಿದು ಬರಹ ಶುರುವಾಗುವ ಜಾಗದಲ್ಲಿ ಪೂರ್ತಿ ವಾಕ್ಯ. ಎರಡನೆಯ ಅಥವಾ ಮೂರನೆಯ ಪ್ಯಾರಾದ ನಂತರ ಮತ್ತೊಮ್ಮೆ ಪದ. ಅಕ್ಷರ ಬರಹದಷ್ಟೇ ದೊಡ್ಡದು, ತಿಳಿ ಬೂದು ಬಣ್ಣ ಬೇಡ.

ಇನ್ನು ಹಂಚಿಕೆ. ಲಿಂಕ್ ಒಂದು ಗುಂಪಿಗೆ ಹೋದಾಗ ಅಲ್ಲಿ ಕಾಣುವುದು ತಲೆಬರಹ, ಚಿತ್ರ, ಎರಡು ಸಾಲು. ನಿಮ್ಮ ಪುಟದ ಚೆಂದದ ಪಟ್ಟಿ ಅಲ್ಲಿಗೆ ಹೋಗುವುದಿಲ್ಲ. ಹಂಚಿಕೆಯ ತಲೆಬರಹದಲ್ಲೇ, ಪುಟದ ಕೋಡಿನ `og:title` ಅನ್ನುವಲ್ಲಿ, ‘ಜಾಹೀರಾತು:’ ಅಂತ ಮೊದಲಿಗೆ ಸೇರಿಸಿದರೆ ಅದು ಲೇಖನದ ಜೊತೆಗೇ ಪಯಣಿಸುತ್ತದೆ. ಜಾಹೀರಾತುದಾರರು ಅತಿ ಹೆಚ್ಚು ತಕರಾರು ಮಾಡುವುದು ಇಲ್ಲೇ, ಗಮನವಿರಲಿ.

ಲೇಬಲ್ ಇದ್ದೂ ಕೆಟ್ಟ ಪ್ರಕರಣ

2013ರ ಜನವರಿ 14ರಂದು ಅಮೆರಿಕದ ‘ದಿ ಅಟ್ಲಾಂಟಿಕ್’ ತನ್ನ ತಾಣದಲ್ಲಿ ಚರ್ಚ್ ಆಫ್ ಸೈಂಟಾಲಜಿ ಅನ್ನುವ ವಿವಾದಿತ ಧಾರ್ಮಿಕ ಸಂಘಟನೆಯನ್ನು ಹೊಗಳುವ ಹಣದ ಲೇಖನ ಹಾಕಿತು. ಮೇಲೆ ‘ಸ್ಪಾನ್ಸರ್ ಕಂಟೆಂಟ್’ ಅಂತ ಲೇಬಲ್ ಇತ್ತು. ಆದರೂ ಓದುಗರು ಕೆರಳಿದರು, ಕೆಲವೇ ಗಂಟೆಗಳಲ್ಲಿ ಲೇಖನ ಇಳಿಯಿತು, ಸಂಸ್ಥೆ ಕ್ಷಮೆ ಕೇಳಿತು. ಒಂದು, ಆ ಪತ್ರಿಕೆಯ ಗಂಭೀರ ಬರಹದ ಪಕ್ಕದಲ್ಲಿ ಆ ಹೊಗಳಿಕೆ ಹೊಂದುತ್ತಿರಲಿಲ್ಲ. ಎರಡು, ಕೆಳಗಿನ ಪ್ರತಿಕ್ರಿಯೆಗಳನ್ನು ಸೋಸುತ್ತಿದ್ದವರು ಮಾರಾಟದ ಕಡೆಯವರು ಅಂತ ಬಯಲಾಯಿತು, ಟೀಕೆಗಳು ಕಾಣೆಯಾಗುತ್ತಿದ್ದವು. ಇದು ಹಣದ ಲೇಖನ ಅಂತ ಹೇಳುವಷ್ಟು ಕೆಲಸವನ್ನು ಲೇಬಲ್ ಮಾಡಿತ್ತು. ಯಾರ ಹಣವನ್ನು ತೆಗೆದುಕೊಳ್ಳಬಹುದು ಅನ್ನುವ ತೀರ್ಮಾನವನ್ನು ಯಾವ ಲೇಬಲ್ಲೂ ಮಾಡಿಕೊಡುವುದಿಲ್ಲ.

ನಿಮ್ಮದು ಕೆಲಸ ಮಾಡುತ್ತಿದೆಯಾ ಅಂತ ನೋಡುವುದು

ಕಣ್ಣಿನ ಯಂತ್ರ ಬೇಕಿಲ್ಲ. ಕಚೇರಿಯ ಹೊರಗಿನ ಹತ್ತು ಹನ್ನೆರಡು ಜನರಿಗೆ ಅವರ ಫೋನಿನಲ್ಲೇ ಲೇಖನ ಓದಲು ಕೊಡಿ. ಮುಗಿದ ಮೇಲೆ ಪುಟ ಮುಚ್ಚಿಸಿ ಕೇಳಿ: ‘ಇದನ್ನು ಯಾರು ಬರೆದದ್ದು? ಯಾಕೆ ಬರೆದಿರಬಹುದು?’ ‘ಇದು ಜಾಹೀರಾತು ಅಂತ ಗೊತ್ತಾಯ್ತಾ?’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ದಡ್ಡರಾಗಿ ಕಾಣಲು ಯಾರಿಗೂ ಇಷ್ಟವಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ನಿಮ್ಮ ವರದಿಗಾರರ ಹೆಸರನ್ನೋ ‘ನೀವೇ’ ಅಂತಲೋ ಹೇಳಿ ಕಂಪನಿಯನ್ನು ಬಿಟ್ಟರೆ, ಪದವನ್ನೋ ಜಾಗವನ್ನೋ ಬದಲಿಸಿ ಮತ್ತೆ ಕೊಡಿ, ಈ ಸಲ ಬೇರೆಯವರಿಗೆ.

ಎರಡು ಲೇಬಲ್ಲುಗಳ ಕ್ಲಿಕ್ ಹೋಲಿಸುವುದಾದರೆ ಈ ಉತ್ತರಗಳ ಜೊತೆ ಇಟ್ಟು ನೋಡಿ. ಕ್ಲಿಕ್ ಜಾಸ್ತಿ, ಗುರುತಿಸಿದವರು ಕಡಿಮೆ ಅಂದರೆ ಆ ಹೆಚ್ಚಿನ ಕ್ಲಿಕ್ಕುಗಳು ಲೇಬಲ್ ಕಾಣದವರವು. ಕ್ಲಿಕ್ ಸ್ವಲ್ಪ ಕಡಿಮೆ, ಗುರುತಿಸಿದವರು ಹೆಚ್ಚು, ಬಂದವರು ಕೊನೆಯ ತನಕ ಓದಿದ್ದಾರೆ ಅಂದರೆ ಜಾಹೀರಾತುದಾರರ ಮುಂದೆ ಧೈರ್ಯವಾಗಿ ಇಡಬಹುದಾದ ಲೆಕ್ಕ ಅದು.

ಯಾರಿಗೆ ಯಾವುದು

ಒಬ್ಬರೇ ನ್ಯೂಸ್‌ಲೆಟರ್ ನಡೆಸುತ್ತಿದ್ದರೆ, ವಿನ್ಯಾಸಕ್ಕೆ ಕೈ ಇಲ್ಲದಿದ್ದರೆ, ‘ಜಾಹೀರಾತು’ ಮತ್ತು ಒಂದು ವಾಕ್ಯ. ಖರ್ಚಿಲ್ಲ, ವಾದವಿಲ್ಲ. ನಿಮ್ಮನ್ನು ಓದುವವರು ನಿಮ್ಮ ಮಾತಿನ ಮೇಲಿನ ನಂಬಿಕೆಯಿಂದಲೇ ಓದುವವರು, ಅಲ್ಲಿ ಮಂಕು ಪದ ದುಬಾರಿ.

ಸಂಪಾದಕೀಯ ತಂಡ ಬೇರೆ, ಮಾರಾಟ ತಂಡ ಬೇರೆ ಇರುವ ತಾಣವಾದರೆ ಎರಡು ಲೇಬಲ್ ಇಟ್ಟುಕೊಳ್ಳಿ: ಹಣ ಮಾತ್ರ ಕೊಟ್ಟದ್ದಕ್ಕೆ ‘ಪ್ರಾಯೋಜಿತ’, ಕೈಯಾಡಿಸಿದ್ದಕ್ಕೆ ‘ಜಾಹೀರಾತು’. ಎರಡನ್ನೂ ಒಪ್ಪಂದದ ಪತ್ರದಲ್ಲೇ ಬರೆಯಿರಿ. ಮೂರನೆಯ, ನಾಲ್ಕನೆಯ ಪದ ಹುಟ್ಟಿಸಬೇಡಿ. ತಾಣದಲ್ಲಿ ಐದು ಬಗೆಯ ಲೇಬಲ್ ಇದ್ದರೆ ಓದುಗರು ಯಾವುದನ್ನೂ ಕಲಿಯುವುದಿಲ್ಲ.

ಆರೋಗ್ಯ, ಹಣ ಹೂಡಿಕೆ, ಚುನಾವಣೆ ಇಂಥ ವಿಷಯಗಳಲ್ಲಿ ನಿಯಂತ್ರಣ ಯಾರದೇ ಇರಲಿ, ನಾನಾದರೆ ‘ಜಾಹೀರಾತು’ ಅಂತಲೇ ಹಾಕುತ್ತೇನೆ. ತಪ್ಪು ತಿಳಿದ ಓದುಗರಿಗೆ ಅಲ್ಲಿ ಆಗುವ ನಷ್ಟ ದೊಡ್ಡದು.

ನೀವು ಜಾಹೀರಾತು ಕೊಡುವ ಕಡೆಯವರಾ? ಹೊಸ ಬ್ರ್ಯಾಂಡ್, ಹೆಸರು ಊರಬೇಕು ಅಂದರೆ ಮೊದಲ ರೀತಿಯ ಪ್ರಾಯೋಜಿತ ಲೇಖನ, ಕರಡು ನೋಡುವ ಆಸೆ ಬಿಟ್ಟು. ಈ ವಾರವೇ ಮಾರಾಟ ಆಗಬೇಕು ಅಂದರೆ ನೇಟಿವ್ ಲೇಖನದ ಗೊಡವೆಯೇ ಬೇಡ. ನೇರ ಜಾಹೀರಾತು ಅಗ್ಗ, ಬೇಗ, ಅದರ ಬಗ್ಗೆ ಯಾರಿಗೂ ಅನುಮಾನ ಇರುವುದಿಲ್ಲ.

ಯಾವ ಲೇಬಲ್ ಆರಿಸಿದರೂ ಲೇಖನದೊಳಗೆ ಕಂಪನಿಯ ತಾಣಕ್ಕೆ ಹೋಗುವ ಲಿಂಕ್ ಇದ್ದರೆ ಹುಡುಕುಯಂತ್ರಕ್ಕೂ ತಿಳಿಸಬೇಕು. ಗೂಗಲ್ 2019ರಿಂದ ಹಣ ಪಡೆದ ಲಿಂಕ್‌ಗಳಿಗೆ ಈ ಗುರುತು ಕೇಳುತ್ತಿದೆ:

```
<a href="https://example.com" rel="sponsored">ಹಾಸಿಗೆಗಳ ವಿವರ</a>
```

ಇದು ಓದುಗರಿಗೆ ಕಾಣುವುದಿಲ್ಲ, ಮೇಲಿನ ಲೇಬಲ್ಲಿಗೆ ಬದಲಿಯೂ ಅಲ್ಲ. ‘ಈ ಗುರುತು ಬೇಡ, ಮಾಮೂಲಿ ಲಿಂಕೇ ಇರಲಿ’ ಅಂತ ಜಾಹೀರಾತುದಾರರು ಹಟ ಹಿಡಿದರೆ, ಅವರು ಕೊಳ್ಳಲು ಬಂದದ್ದು ನಿಮ್ಮ ಓದುಗರನ್ನಲ್ಲ, ಹುಡುಕಾಟದಲ್ಲಿ ಮೇಲಿನ ಜಾಗವನ್ನು.